ಗುಡ್ಡದ ತುದಿಯಲ್ಲಿ ನಿಂತವನು

ರಾತ್ರಿ ಹನ್ನೊಂದು ದಾಟಿ ಹತ್ತು ನಿಮಿಷವಾಗಿತ್ತು. ಶಿವಮೊಗ್ಗದ ಹಾಸ್ಟೆಲ್ ಕೋಣೆಯಲ್ಲಿ ದೀಪ ಆರಿಸಿ ಮಲಗಿದ್ದೆ. ಮೊಬೈಲ್ ಸದ್ದು ಮಾಡಿತು. ಹೊಸನಗರದ ಕಡೆಯ ನಮ್ಮೂರಿನಿಂದ ಅಂಥ ಹೊತ್ತಿನಲ್ಲಿ ಸಂದೇಶ ಬಂದರೆ ಎದೆ ಧಸಕ್ಕೆನ್ನುತ್ತದೆ. ಅಜ್ಜಿಗೆ ಏನಾದರೂ ಆಯಿತೇ ಎಂಬುದೇ ಮೊದಲ ಯೋಚನೆ. ತೆರೆದು ನೋಡಿದರೆ ಒಂದು ಫೋಟೊ. ಚಿಕ್ಕಪ್ಪನ ಮಗಳು ನಯನಾ ಕಳಿಸಿದ್ದಳು.

ಅಭ್ಯಾಸ ಪುಸ್ತಕದ ಒಂದು ಪುಟ. ಮೇಲಿನ ಬಲ್ಬಿನ ಹಳದಿ ಬೆಳಕಿಗೆ ಅವಳದೇ ಕೈಯ ನೆರಳು ಕೊನೆಯ ಎರಡು ಸಾಲುಗಳ ಮೇಲೆ ಬಿದ್ದಿತ್ತು. ಪುಟ ಒತ್ತಿಹಿಡಿದ ಹೆಬ್ಬೆರಳು ಮೂಲೆಯಲ್ಲಿ ಕಾಣುತ್ತಿತ್ತು. ಉಗುರಿನ ಸುತ್ತ, ಬೆರಳಿನ ಗೆರೆಗೆರೆಯಲ್ಲೂ ಹಸಿ ಅಡಿಕೆಯ ಕಪ್ಪು ಕಲೆ. ಆ ಬೆರಳು ನೋಡಿದ ಕೂಡಲೇ ಇಡೀ ಮನೆ ಕಣ್ಣ ಮುಂದೆ ಬಂತು. ಡಿಸೆಂಬರ್ ಎಂದರೆ ನಮ್ಮಲ್ಲಿ ಅಡಿಕೆ ಸುಲಿಯುವ ಕಾಲ. ಜಗಲಿಯಲ್ಲಿ ಮೆಟ್ಟುಗತ್ತಿಗಳ ಸಾಲು, ನಡುವೆ ರಾಶಿ, ಹೊರಗೆ ಒಲೆಯ ಮೇಲೆ ಕುದಿಯುವ ಹಂಡೆ. ಶಾಲೆಯಿಂದ ಬಂದ ಹುಡುಗಿಯೂ ಊಟದ ತನಕ ಒಂದು ಕತ್ತಿಯ ಮುಂದೆ ಕೂರಬೇಕು. ಓದು ಶುರುವಾಗುವುದೇ ಒಂಬತ್ತೂವರೆಯ ಮೇಲೆ.

ಫೋಟೊದ ಕೆಳಗೆ ಬರೆದಿದ್ದಳು: ‘ಅಕ್ಕಾ, ಇದರ ಉತ್ತರ 9 ತಾನೇ? ಹಿಂದಿನ ಪುಟದಲ್ಲಿ ಸಾಧ್ಯವಿಲ್ಲ ಎಂದು ಕೊಟ್ಟಿದ್ದಾರೆ. ಅಚ್ಚಿನ ತಪ್ಪೇ?’

ಕೊನೆಯ ಸಾಲುಗಳು ಓದಲು ಬರುವುದಿಲ್ಲ, ಇನ್ನೊಂದು ಫೋಟೊ ತೆಗೆದು ಕಳಿಸು ಎಂದೆ. ಹೇಳಿದ ಮೇಲೆ ಪಾಪ ಅನ್ನಿಸಿತು. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಅಂಗಳ ದಾಟಿ, ದಣಪೆಯ ಆಚೆ ಹಲಸಿನ ಮರದ ಬುಡಕ್ಕೆ ಹೋದರೆ ಮಾತ್ರ ಎರಡು ಗೆರೆ ಸಿಗುತ್ತದೆ. ಆ ಚಳಿಯಲ್ಲಿ, ಮಂಜಿನಲ್ಲಿ ಅವಳು ಅಲ್ಲಿ ನಿಂತಿದ್ದಳು. ಪುಸ್ತಕ ಒಳಗಿತ್ತು. ಮತ್ತೆ ಹೋಗಿ, ನೆರಳು ಬೀಳದಂತೆ ಪುಟ ಓರೆಯಾಗಿಟ್ಟು ಫೋಟೊ ತೆಗೆದು, ಸರಿಯಾಗಿ ಬಂದಿದೆಯೇ ಎಂದು ಬೆರಳಿನಿಂದ ಹಿಗ್ಗಿಸಿ ನೋಡಿ, ಟಾರ್ಚ್ ಹಿಡಿದು ತಿರುಗಿ ಬಂದಳು. ಈ ಸಲ ಎಲ್ಲವೂ ಸ್ಪಷ್ಟವಾಗಿತ್ತು:

‘ಒಬ್ಬನು 6 ಕಿ.ಮೀ. ದೂರದ ಗುಡ್ಡದ ದಾರಿಯನ್ನು ಗಂಟೆಗೆ 3 ಕಿ.ಮೀ. ವೇಗದಲ್ಲಿ ಹತ್ತುತ್ತಾನೆ. ಅದೇ ದಾರಿಯಲ್ಲಿ ಇಳಿದು ಬರುತ್ತಾನೆ. ಇಡೀ ಪ್ರಯಾಣದ ಸರಾಸರಿ ವೇಗ ಗಂಟೆಗೆ 6 ಕಿ.ಮೀ. ಆಗಬೇಕಾದರೆ ಅವನು ಯಾವ ವೇಗದಲ್ಲಿ ಇಳಿಯಬೇಕು?’

ಮೂರು ಮತ್ತು ಒಂಬತ್ತು ಕೂಡಿಸಿದರೆ ಹನ್ನೆರಡು, ಅರ್ಧ ಮಾಡಿದರೆ ಆರು. ಅವಳು ಹೀಗೆಯೇ ಮಾಡಿದ್ದಳು. ಯಾರಾದರೂ ಮೊದಲು ಹೀಗೆಯೇ ಮಾಡುತ್ತಾರೆ.

ನಾನು ಪೂರ್ತಿ ಉತ್ತರ ಟೈಪ್ ಮಾಡಿದೆ. ಐದು ಸಾಲು. ಕಳಿಸುವ ಮೊದಲು ನಿಲ್ಲಿಸಿದೆ. ನಾನು ಬಿ.ಎಡ್. ಓದುತ್ತಿರುವವಳು, ಹಲಗೆಯ ಮೇಲೆ ಬಿಡಿಸಿದ ಲೆಕ್ಕವನ್ನು ಮಕ್ಕಳು ಅಚ್ಚುಕಟ್ಟಾಗಿ ಇಳಿಸಿಕೊಂಡು, ಮರುದಿನ ಅಂಕಿ ಬದಲಾದರೆ ಕಕ್ಕಾಬಿಕ್ಕಿಯಾಗುವುದನ್ನು ನೋಡಿದ್ದೇನೆ. ಸ್ವತಃ ನಾನೂ ಪಿಯುಸಿಯಲ್ಲಿ ಎಷ್ಟೋ ಲೆಕ್ಕಗಳನ್ನು ಹಾಗೆ ಇಳಿಸಿಕೊಂಡವಳೇ. ಐದು ಸಾಲನ್ನೂ ಅಳಿಸಿ ಇಷ್ಟೇ ಬರೆದೆ: ‘9 ಎಂದೇ ಇಟ್ಟುಕೊ. ಇಳಿಯಲು ಎಷ್ಟು ಹೊತ್ತು ಹಿಡಿಯಿತು? ಒಟ್ಟು ದೂರವನ್ನು ಒಟ್ಟು ಹೊತ್ತಿನಿಂದ ಭಾಗಿಸಿ ನೋಡು.’

ಎರಡು ನೀಲಿ ಗೆರೆ ಬಿದ್ದವು. ಆಮೇಲೆ ಅವಳಿಂದ ಸದ್ದಿಲ್ಲ. ನನಗೆ ನಿದ್ದೆಯೂ ಇಲ್ಲ. ಮುಂದಿನದನ್ನು ಅವಳು ಬಳಿಕ ಹೇಳಿದಂತೆ ಬರೆಯುತ್ತಿದ್ದೇನೆ.

ಜಗಲಿಯಲ್ಲಿ ಚಿಕ್ಕಮ್ಮ ಒಬ್ಬರೇ ಕೊನೆಯ ಬುಟ್ಟಿ ಸುಲಿಯುತ್ತಿದ್ದರು. ನಯನಾ ಎದುರಿಗೆ ಕುಳಿತು ಲೆಕ್ಕ ಹಾಕಿದಳು. ಹತ್ತಲು ಎರಡು ಗಂಟೆ. ಒಂಬತ್ತರ ವೇಗದಲ್ಲಿ ಇಳಿಯಲು 40 ನಿಮಿಷ. ಒಟ್ಟು 12 ಕಿಲೋಮೀಟರಿಗೆ 2 ಗಂಟೆ 40 ನಿಮಿಷ. ಭಾಗಿಸಿದರೆ ಬಂದದ್ದು 4.5. ಆರಲ್ಲ! ತಪ್ಪಿರಬೇಕೆಂದು ಮತ್ತೆ ಹಾಕಿದಳು, ಮತ್ತೆ ನಾಲ್ಕೂವರೆಯೇ.

ವೇಗ ಸಾಲದು ಅನ್ನಿಸಿತು. 18 ಇಟ್ಟಳು, 5.14 ಬಂತು. 36ಕ್ಕೆ 5.54. ನಮ್ಮ ದಾರಿಯಲ್ಲಿ ಯಾವ ಬಸ್ಸೂ ಓಡದಷ್ಟು, ಅಂದರೆ 60 ಇಟ್ಟಳು. 5.71. ಹಟ ಬಂದು 600 ಇಟ್ಟಳು. ಮನುಷ್ಯ ವಿಮಾನದಂತೆ ಇಳಿದರೂ 5.97. ಆರರ ಹೊಸ್ತಿಲಿನ ತನಕ ಬರುತ್ತದೆ, ಒಳಗೆ ಕಾಲಿಡುವುದಿಲ್ಲ. ಆಗ ಅವಳಿಗೆ ನಿಜವಾಗಿ ಕೋಪ ಬಂತಂತೆ. ಆ ಕೋಪ ನನಗೆ ತುಂಬ ಇಷ್ಟವಾಯಿತು. ಅಂಕಿಗಳು ಮೊಂಡು ಹಿಡಿದಾಗ ಕೋಪ ಬರುವ ಮಕ್ಕಳಿಗೇ ಲೆಕ್ಕ ಒಲಿಯುವುದನ್ನು ನಾನು ಕಂಡಿದ್ದೇನೆ.

ಲೆಕ್ಕವನ್ನು ಮತ್ತೆ ಓದಲು ಪುಸ್ತಕ ಎಳೆದುಕೊಳ್ಳದೆ, ಕೈಯಲ್ಲೇ ಇದ್ದ ಮೊಬೈಲಿನ ಫೋಟೊ ತೆರೆದಳು. ಸರಿಯಾಗಿ ಬಂದಿದೆಯೇ ಎಂದು ಆಗ ಹಿಗ್ಗಿಸಿದಂತೆ ಮತ್ತೆ ಹಿಗ್ಗಿಸಿದಳು. ಪರದೆಯ ತುಂಬ ಎರಡೇ ಪದ ನಿಂತವು: ‘ಇಡೀ ಪ್ರಯಾಣದ’. ಪುಟದಲ್ಲಿ ಹತ್ತು ಸಲ ಕಣ್ಣು ಹಾಯಿಸಿದಾಗ ಜಾರಿಹೋಗಿದ್ದ ಪದಗಳು. ಇಡೀ ಪ್ರಯಾಣ ಎಂದರೆ ಎಷ್ಟು? 12 ಕಿಲೋಮೀಟರ್. ಗಂಟೆಗೆ ಆರರಂತೆ ಹೋದರೆ ಎಷ್ಟು ಹೊತ್ತು? ಎರಡು ಗಂಟೆ.

ಎರಡು ಗಂಟೆ ಎಂದು ಬರೆದವಳು ಅದರ ಮೇಲಿನ ಸಾಲು ನೋಡಿದಳು. ಅಲ್ಲಿಯೂ ಎರಡು ಗಂಟೆ.

‘ಅಮ್ಮಾ, ಒಬ್ಬನಿಗೆ ಗುಡ್ಡ ಹತ್ತಿ ಇಳಿಯಲು ಇರುವುದೇ ಎರಡು ಗಂಟೆ. ಹತ್ತುವುದಕ್ಕೇ ಎರಡು ಗಂಟೆ ಆಗಿಹೋಯಿತು. ಆಮೇಲೆ ಎಷ್ಟು ಜೋರಾಗಿ ಇಳಿಯಬೇಕು?’

ಚಿಕ್ಕಮ್ಮ ಕತ್ತಿಯಿಂದ ಕಣ್ಣೆತ್ತಲಿಲ್ಲ. ‘ಹೊತ್ತು ಮುಗಿಯಿತಲ್ಲೇ ಹುಡುಗಿ. ಅವನಿನ್ನೂ ಗುಡ್ಡದ ತುದಿಯಲ್ಲೇ ಇದ್ದಾನೆ.’

ನಯನಾ ನಕ್ಕುಬಿಟ್ಟಳಂತೆ; ಒಳಗೆ ಮಲಗಿದ್ದ ಅಜ್ಜಿ ಏನಾಯಿತು ಎಂದು ಕೂಗಿದರಂತೆ.

ಹನ್ನೆರಡೂ ಇಪ್ಪತ್ತಕ್ಕೆ ನನಗೆ ಮೂರನೆಯ ಫೋಟೊ ಬಂತು. ಅಂದರೆ ಅವಳು ಮತ್ತೊಮ್ಮೆ ಹಲಸಿನ ಮರದ ಬುಡಕ್ಕೆ ಹೋಗಿದ್ದಳು. ಈ ಸಲ ಅವಳದೇ ನೋಟ್‌ಬುಕ್ಕಿನ ಪುಟ. ಮೇಲೆ 9, 18, 36, 60, 600 ಸಾಲಾಗಿ, ಪಕ್ಕದಲ್ಲಿ ಅವುಗಳ ಸರಾಸರಿ. ಅಂಚಿನಲ್ಲಿ ಒಂದು ಗುಡ್ಡ, ತುದಿಯಲ್ಲಿ ಕೈ ಕಟ್ಟಿ ನಿಂತ ಕಡ್ಡಿಯಂಥ ಮನುಷ್ಯ. ಅದರ ಕೆಳಗೆ ಅವಳದೇ ಮಾತಿನಲ್ಲಿ: ‘ಮೂರರ ವೇಗದಲ್ಲಿ ಎರಡು ಗಂಟೆ ನಡೆದ, ಒಂಬತ್ತರ ವೇಗದಲ್ಲಿ ನಲವತ್ತೇ ನಿಮಿಷ. ಎರಡಕ್ಕೂ ಸಮಪಾಲು ಹೇಗೆ ಕೊಡುವುದು? ಅದಕ್ಕೇ ಕೂಡಿಸಿ ಅರ್ಧ ಮಾಡಬಾರದು.’

ಆ ಸಾಲನ್ನು ನಾನು ಎರಡು ಮೂರು ಸಲ ಓದಿದೆ. ನನ್ನ ಐದು ಸಾಲಿನಲ್ಲಿ ಇದು ಇರಲಿಲ್ಲ. ನಾನು ಎರಡು ಗಂಟೆ ಖರ್ಚಾಯಿತು ಎಂದಷ್ಟೇ ಬರೆದಿದ್ದೆ. ಕೂಡಿಸಿ ಅರ್ಧ ಮಾಡುವುದು ಯಾಕೆ ತಪ್ಪು ಎಂಬಲ್ಲಿಗೆ ಹೋಗಿರಲಿಲ್ಲ.

‘ಸರಿಯಾಗಿದೆ. ಇನ್ನು ಹೋಗಿ ಮಲಗು, ಮಂಜು ಬೀಳುತ್ತಿದೆ’ ಎಂದು ಬರೆದೆ.

‘ಒಂದು ನಿಮಿಷ ಅಕ್ಕಾ’ ಎಂದು ಉತ್ತರ ಬಂತು. ‘ಆರು ಆಗುವುದಿಲ್ಲ, ಸರಿ. ಐದು ಬೇಕೆಂದರೆ?’

ನಾನು ಕತ್ತಲಲ್ಲಿ ಎದ್ದು ಕುಳಿತು ಮನಸ್ಸಿನಲ್ಲೇ ಭಾಗಿಸತೊಡಗಿದೆ. ನನ್ನದು ಮುಗಿಯುವ ಮೊದಲೇ ಅವಳದು ಬಂದಿತ್ತು.

‘ಒಟ್ಟು 2 ಗಂಟೆ 24 ನಿಮಿಷ ಸಿಗುತ್ತದೆ. ಇಳಿಯಲು 24 ನಿಮಿಷ ಇದೆ. ಗಂಟೆಗೆ 15. ಓಡಬೇಕಾಗುತ್ತದೆ, ಆದರೆ ಆಗುತ್ತದೆ.’