ಪ್ರವಾಸ ವೆಚ್ಚದ ಕ್ಲೇಮ್ ಹಾಳೆ: ಹುಬ್ಬಳ್ಳಿ ಸರ್ವೀಸ್ ಭೇಟಿ, ನವೆಂಬರ್ 2025

ಕಚೇರಿ: ಪೀಣ್ಯ 2ನೇ ಹಂತ, ಬೆಂಗಳೂರು
ಕ್ಲೇಮ್ ಸಂಖ್ಯೆ: ಸರ್ವೀಸ್/2025-26/118
ಕ್ಲೇಮ್ ಸಲ್ಲಿಸಿದವರು: ಸರ್ವೀಸ್ ಎಂಜಿನಿಯರ್, ಸಿಬ್ಬಂದಿ ಸಂಖ್ಯೆ 0274
ಸಲ್ಲಿಸಿದ ದಿನ: 24-11-2025, ಸೋಮವಾರ
ಕೆಲಸ: ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿರುವ ಗ್ರಾಹಕರ ಕಾರ್ಖಾನೆಯಲ್ಲಿ ಪಂಪ್ ಇಳಿಸಿ, ಬೇರಿಂಗ್ ಬದಲಿಸಿ, ಮತ್ತೆ ಕೂರಿಸಿದ್ದು
ಪಡೆದ ಮುಂಗಡ: ₹10,000

| ಕ್ರಮ | ದಿನಾಂಕ | ವಿವರ | ವರ್ಗ | ಮೊತ್ತ ₹ | ಮಿತಿ ₹ | ರಸೀದಿ | ಫಲಿತಾಂಶ | ಮಂಜೂರು ₹ |
|---|---|---|---|---|---|---|---|---|
| 1 | 16-11 | ವಿಜಯನಗರದಿಂದ ಮೆಜೆಸ್ಟಿಕ್, 6 ಕಿ.ಮೀ., ರಾತ್ರಿ 10.20 | ಆಟೊ | 180 | 162 | ಇಲ್ಲ | ಮಿತಿ ಮೀರಿದೆ | 162 |
| 2 | 16-11 | ಬೆಂಗಳೂರು–ಹುಬ್ಬಳ್ಳಿ, ಎಸಿ ಬಸ್ | ಬಸ್ | 1,080 | 1,200 | ಇದೆ | ಸರಿ | 1,080 |
| 3 | 17-11 | ಊಟ, ತಿಂಡಿ | ಆಹಾರ | 460 | 500 | ಇದೆ | ಸರಿ | 460 |
| 4 | 17-11 | ಲಾಡ್ಜ್–ತಾರಿಹಾಳ, ಹೋಗಿ ಬಂದದ್ದು | ಆಟೊ | 480 | 500 | ಇದೆ | ಸರಿ | 480 |
| 5 | 18-11 | ಊಟ, ತಿಂಡಿ | ಆಹಾರ | 620 | 500 | ಇದೆ | ಮಿತಿ ಮೀರಿದೆ | 500 |
| 6 | 18-11 | ಲಾಡ್ಜ್–ತಾರಿಹಾಳ, ಹೋಗಿ ಬಂದದ್ದು | ಆಟೊ | 480 | 500 | ಇಲ್ಲ | ರಸೀದಿ ಬಾಕಿ | 0 |
| 7 | 18-11 | ಬೇರಿಂಗ್, ಹುಬ್ಬಳ್ಳಿಯ ಅಂಗಡಿ | ಬಿಡಿಭಾಗ | 2,360 | 3,000 | ಇದೆ | ಸರಿ | 2,360 |
| 8 | 18-11 | ಮೊಬೈಲ್ ರೀಚಾರ್ಜ್ | ಇತರೆ | 299 | 0 | ಇದೆ | ಮಿತಿ ಮೀರಿದೆ | 0 |
| 9 | 17, 18-11 | ಲಾಡ್ಜ್, 2 ರಾತ್ರಿ | ವಾಸ್ತವ್ಯ | 3,885 | 3,780 | ಇದೆ | ಮಿತಿ ಮೀರಿದೆ | 3,780 |
| 10 | 19-11 | ಊಟ, ತಿಂಡಿ | ಆಹಾರ | 410 | 500 | ಇದೆ | ಸರಿ | 410 |
| 11 | 19-11 | ಪಂಪ್ ಎತ್ತಿ ಇಳಿಸಿದ ಹಮಾಲಿ | ಕೂಲಿ | 5,600 | 6,000 | ಅಪೂರ್ಣ | ರಸೀದಿ ಬಾಕಿ | 0 |
| 12 | 19-11 | ಹುಬ್ಬಳ್ಳಿ–ಬೆಂಗಳೂರು, ಎಸಿ ಬಸ್ | ಬಸ್ | 1,080 | 1,200 | ಇಲ್ಲ | ರಸೀದಿ ಬಾಕಿ | 0 |
| 13 | 20-11 | ಮೆಜೆಸ್ಟಿಕ್–ಪೀಣ್ಯ ಇಂಡಸ್ಟ್ರಿ | ಮೆಟ್ರೊ | 60 | 90 | ಇಲ್ಲ | ಸರಿ | 60 |
| | | ಒಟ್ಟು | | 16,994 | | | | 9,292 |

ಫಲಿತಾಂಶ ಮತ್ತು ಮಂಜೂರು ಕಾಲಂಗಳಲ್ಲಿ ಯಾರೂ ಕೈಯಿಂದ ಬರೆಯುವಂತಿಲ್ಲ. H ಮತ್ತು I ಕಾಲಂಗಳ ಸೂತ್ರಗಳು ಇವು:

```
H2: =IF(AND(E2>200,G2<>"ಇದೆ"),"ರಸೀದಿ ಬಾಕಿ",IF(E2>F2,"ಮಿತಿ ಮೀರಿದೆ","ಸರಿ"))
I2: =IF(H2="ರಸೀದಿ ಬಾಕಿ",0,MIN(E2,F2))
```

₹200ರವರೆಗಿನ ಖರ್ಚಿಗೆ ರಸೀದಿ ಕೇಳುವುದಿಲ್ಲ, ನಿಮ್ಮ ಮಾತೇ ಸಾಕು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಾದರೂ ಕಾಗದ ಬೇಕು. ಇನ್ನು, ಮಂಜೂರು ಕಾಲಂನಲ್ಲಿ ಸೊನ್ನೆ ಕಂಡ ಕೂಡಲೇ ಹಣ ಹೋಯಿತೆಂದು ತಿಳಿಯಬೇಡಿ. "ರಸೀದಿ ಬಾಕಿ" ಎಂದಿದ್ದರೆ ಆ ಹಣ ತಡೆಯಲ್ಲಿದೆ ಅಷ್ಟೆ, ದಾಖಲೆ ಬಂದ ದಿನ ಬಿಡುಗಡೆಯಾಗುತ್ತದೆ.

ಲೆಕ್ಕಪತ್ರ ವಿಭಾಗದ ಟಿಪ್ಪಣಿ

ಕ್ರಮ 11. ಈ ಕ್ಲೇಮ್‌ನಲ್ಲಿ ದೊಡ್ಡ ಮೊತ್ತ ಇದೇ, ಆದ್ದರಿಂದ ಮೊದಲು ಇದನ್ನು ಮುಗಿಸಿ. ನೀವು ತಂದಿರುವ ಚೀಟಿಯಲ್ಲಿ ಮೇಸ್ತ್ರಿಯ ಸಹಿ ಇದೆ, ₹5,600 ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದೆ. ಆದರೆ ₹5,000 ಮೀರಿದ ಹಣದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೆ ಹಾಯುವಂತೆ ಸಹಿ ಮಾಡಿಸಬೇಕು. ಇದು ಕಾನೂನು, ನಮ್ಮ ಕಚೇರಿಯ ನಿಯಮವಲ್ಲ. ಚೀಟಿಯಲ್ಲಿ ಎಷ್ಟು ಜನ, ಏನು ಕೆಲಸ ಎಂಬುದೂ ಇಲ್ಲ. ನಾಲ್ವರು ಸೇರಿ ಪಂಪ್ ಇಳಿಸಿ, ಕೆಲಸವಾದ ಮೇಲೆ ಮತ್ತೆ ಏರಿಸಿದರು, ತಲೆಗೆ ₹1,400 ಎಂದು ನೀವು ಬಾಯಲ್ಲಿ ಹೇಳಿದ್ದೀರಿ. ಅದೇ ಮಾತು ರಸೀದಿಯಲ್ಲಿ ಬರಲಿ. ಇಷ್ಟಕ್ಕಾಗಿ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ಗ್ರಾಹಕರ ಸ್ಟೋರ್ಸ್‌ನವರ ಮೂಲಕ ಹೊಸ ರಸೀದಿ ಮಾಡಿಸಿ, ಕೊರಿಯರ್‌ನಲ್ಲಿ ತರಿಸಿಕೊಳ್ಳಿ. ಕೊರಿಯರ್ ಖರ್ಚು ಕಂಪನಿಯದು. ಕೂಲಿಯವರ ಬೆವರಿನ ಹಣವನ್ನು ನೀವು ಸ್ಥಳದಲ್ಲೇ ಕೊಟ್ಟು ಬಂದದ್ದು ಸರಿಯಾದ ಕೆಲಸ. ಅದು ನಿಮ್ಮ ಜೇಬಿನಿಂದ ಹೋಗಬಾರದು.

ಕ್ರಮ 12. ಹೋಗುವಾಗಿನ ಟಿಕೆಟ್ ಇದೆ, ಬರುವಾಗಿನದು ಇಲ್ಲ. ಸಂದೇಶ ಅಳಿಸಿಹೋಗಿದೆ ಎಂದು ಬರೆದಿದ್ದೀರಿ. ಆನ್‌ಲೈನ್‌ನಲ್ಲಿ ಕಾಯ್ದಿರಿಸಿದ ಟಿಕೆಟ್ ಆದ್ದರಿಂದ ನಿಮ್ಮ ಖಾತೆಯ ಬುಕಿಂಗ್ ಇತಿಹಾಸದಲ್ಲಿ ಸಿಗುತ್ತದೆ. ಮತ್ತೆ ಮುದ್ರಿಸಿ ಲಗತ್ತಿಸಿ. ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ಸಾಲದು: ಹಣ ಹೋಗಿದೆ ಎಂದು ಅದು ಹೇಳುತ್ತದೆ, ಯಾವ ದಿನ ಎಲ್ಲಿಂದ ಎಲ್ಲಿಗೆ ಪ್ರಯಾಣ ಎಂದು ಹೇಳುವುದಿಲ್ಲ.

ಕ್ರಮ 6. ಆಟೊದವರು ಬಿಲ್ ಕೊಡುವುದಿಲ್ಲ ಎಂಬುದು ನಮಗೂ ಗೊತ್ತು. ಅದಕ್ಕೇ ಯುಪಿಐ ಪಾವತಿಯ ಸ್ಕ್ರೀನ್‌ಶಾಟನ್ನು ರಸೀದಿ ಎಂದು ಒಪ್ಪುತ್ತೇವೆ. 17ರಂದು ನೀವು ಹಾಗೆಯೇ ಕೊಟ್ಟಿದ್ದೀರಿ. 18ರಂದು ನಗದು ಕೊಟ್ಟಿದ್ದರಿಂದ ತೊಡಕಾಗಿದೆ. ಆ ದಿನ ಕಾರ್ಖಾನೆಯ ಗೇಟ್ ರಿಜಿಸ್ಟರ್‌ನಲ್ಲಿ ನೀವು ಒಳಗೆ ಹೋದ, ಹೊರಬಂದ ಸಮಯವಿರುತ್ತದೆ. ಆ ಪುಟದ ಫೋಟೊ ಮತ್ತು ಸರ್ವೀಸ್ ಮ್ಯಾನೇಜರ್ ಅವರ ಸಹಿಯಿರುವ ನಗದು ವೋಚರ್ ಕೊಟ್ಟರೆ ಮಂಜೂರು ಮಾಡುತ್ತೇವೆ. ದಾರಿ ಅದೇ, ದರವೂ ಹಿಂದಿನ ದಿನದ್ದೇ. ಮೊತ್ತದ ಬಗ್ಗೆ ಸಂಶಯವಿಲ್ಲ.

ಕ್ರಮ 5. ಮೂರು ದಿನದ ಊಟ ಸೇರಿಸಿದರೆ ₹1,490, ಮಿತಿ ₹1,500, ಆದರೂ ₹120 ಏಕೆ ಕತ್ತರಿಸಿತು ಎಂದು ಕೇಳಿದ್ದೀರಿ. ಮಿತಿ ಇರುವುದು ದಿನಕ್ಕೆ. ಒಂದು ದಿನ ಉಳಿದದ್ದು ಮರುದಿನಕ್ಕೆ ಸೇರುವುದಿಲ್ಲ. ಒಟ್ಟಿಗೆ ಸೇರಿಸಲು ಬಿಟ್ಟರೆ, ಇನ್ನೊಂದು ದಿನದ ಮಿತಿಯನ್ನು ತುಂಬಲು ಉಪವಾಸ ಬೀಳುವವರೂ ಇರುತ್ತಾರೆ. ರಸ್ತೆಯ ಮೇಲಿರುವ ಹುಡುಗರು ದಿನವೂ ಹೊಟ್ಟೆ ತುಂಬ ಉಣ್ಣಲಿ ಎಂಬುದೇ ಈ ನಿಯಮದ ಉದ್ದೇಶ, ಅದನ್ನು ಸಡಿಲಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ 18ರ ಮಧ್ಯಾಹ್ನದ ಬಿಲ್‌ನಲ್ಲಿ ಜೋಳದ ರೊಟ್ಟಿ ಊಟ ಎರಡು ಎಂದಿದೆ. ಗ್ರಾಹಕರ ಕಡೆಯವರು ನಿಮ್ಮ ಜೊತೆ ಉಂಡಿದ್ದರೆ ಅದು ಅತಿಥಿ ಊಟದ ವರ್ಗಕ್ಕೆ ಹೋಗಬೇಕು. ಅವರ ಹೆಸರು, ಹುದ್ದೆ ಬರೆದು ತಿದ್ದಿ ಕೊಡಿ.

ಕ್ರಮ 9. ಬಾಡಿಗೆ ರಾತ್ರಿಗೆ ₹1,850, ಜಿಎಸ್‌ಟಿ ಶೇ. 5. ನಮ್ಮ ಮಿತಿ ತೆರಿಗೆ ಬಿಟ್ಟು ₹1,800, ತೆರಿಗೆ ಸೇರಿದರೆ ₹1,890. ಎರಡು ರಾತ್ರಿಗೆ ₹105 ಹೆಚ್ಚಾಗಿದೆ. 22-09-2025ರಿಂದ ದಿನಕ್ಕೆ ₹7,500 ಮೀರದ ಕೊಠಡಿಗಳ ತೆರಿಗೆ ಶೇ. 12ರಿಂದ 5ಕ್ಕೆ ಇಳಿದಿದೆ, ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಆದ್ದರಿಂದ ತೆರಿಗೆಯೂ ಪೂರ್ತಿ ಕಂಪನಿಯ ಖರ್ಚೇ.

ಕ್ರಮ 7. ನಿಮ್ಮ ಹಣ ಮಂಜೂರಾಗಿದೆ. ಆದರೆ ₹2,000ದ ಬೇರಿಂಗ್ ಮೇಲಿನ ₹360 ಜಿಎಸ್‌ಟಿಯನ್ನು ಕಂಪನಿ ಜಮೆ ಪಡೆಯಬೇಕಾದರೆ ಬಿಲ್‌ನಲ್ಲಿ ನಮ್ಮ ಜಿಎಸ್‌ಟಿ ಸಂಖ್ಯೆ ಇರಬೇಕು. ಗ್ರಾಹಕರ ಹೆಸರಿನ ಜಾಗದಲ್ಲಿ ಬರೀ "ನಗದು" ಎಂದಿದೆ. ಅಂಗಡಿಯವರಿಗೆ ಫೋನ್ ಮಾಡಿ ತಿದ್ದಿಸಿ. 29ರಿಂದ ಶುರುವಾಗುವ ನಮ್ಮ ಸಂಖ್ಯೆ ನಿಮ್ಮ ಗುರುತಿನ ಚೀಟಿಯ ಹಿಂಬದಿಯಲ್ಲೇ ಇದೆ.

ಕ್ರಮ 1. ಬೆಂಗಳೂರಿನ ಆಟೊ ಮಿತಿ ಮೀಟರ್ ದರ. 01-08-2025ರಿಂದ ಮೊದಲ 2 ಕಿ.ಮೀ.ಗೆ ₹36, ಮುಂದೆ ಕಿ.ಮೀ.ಗೆ ₹18. 6 ಕಿ.ಮೀ.ಗೆ ₹108, ರಾತ್ರಿ 10ರ ನಂತರ ಒಂದೂವರೆ ಪಟ್ಟು ಅಂದರೆ ₹162.

ಕ್ರಮ 8. ರೀಚಾರ್ಜ್ ಪ್ರವಾಸ ವೆಚ್ಚದಲ್ಲಿ ಬರುವುದಿಲ್ಲ.

ಲೆಕ್ಕದ ಸ್ಥಿತಿ

| | ₹ |
|---|---|
| ಈಗ ಮಂಜೂರಾದದ್ದು | 9,292 |
| ರಸೀದಿಗಾಗಿ ತಡೆಹಿಡಿದದ್ದು (6, 11, 12) | 7,160 |
| ಮಿತಿ ಮೀರಿ ಕಡಿತವಾದದ್ದು (1, 5, 8, 9) | 542 |
| ಮುಂಗಡದಲ್ಲಿ ನಿಮ್ಮ ಬಳಿ ಉಳಿದದ್ದು | 708 |
| ಮೂರೂ ದಾಖಲೆ ಬಂದರೆ ನಿಮಗೆ ಸಲ್ಲುವುದು | 6,452 |

ಉಳಿದ ₹708 ಅನ್ನು ಈಗಲೇ ಕಟ್ಟಬೇಡಿ, ಮುಂದಿನ ಪಾವತಿಯಲ್ಲಿ ಹೊಂದಿಸುತ್ತೇವೆ. ದಾಖಲೆಗಳನ್ನು 05-12-2025ರ ಶುಕ್ರವಾರ ಸಂಜೆಯೊಳಗೆ ಕೊಡಿ. ಎಲ್ಲವೂ ಸೇರಲಿ ಎಂದು ಕಾಯದೆ, ಟಿಕೆಟ್ ಸಿಕ್ಕ ದಿನವೇ ಟಿಕೆಟ್ ಕಳುಹಿಸಿ, ಸಾಲು ಸಾಲಾಗಿ ತೆರವು ಮಾಡುತ್ತೇವೆ.

ಪರಿಶೀಲನೆ: ಹಿರಿಯ ಲೆಕ್ಕಿಗರು, 25-11-2025
ಸ್ಥಿತಿ: ಭಾಗಶಃ ಮಂಜೂರು, 3 ಸಾಲು ಬಾಕಿ