4ನೇ ತರಗತಿಯ ತಂದೆ–ತಾಯಂದಿರಿಗೆ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಶಿಡ್ಲಘಟ್ಟ ತಾಲ್ಲೂಕು

ಪೋಷಕರಿಗೆ ನಮಸ್ಕಾರ.

ಶಾಲೆ ಶುರುವಾಗಿದೆ. ಈ ವರ್ಷ ನಿಮ್ಮ ಮಕ್ಕಳ ತರಗತಿ ಶಿಕ್ಷಕಿ ನಾನು. ಮೂರನೇ ತರಗತಿವರೆಗೆ ಮಕ್ಕಳು ನಲಿ–ಕಲಿಯಲ್ಲಿ ಗುಂಪಾಗಿ ಕುಳಿತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿತರು. ನಾಲ್ಕರಲ್ಲಿ ಎಲ್ಲರಿಗೂ ಒಂದೇ ಪಾಠ. ಬೋರ್ಡ್ ನೋಡಿ ಬರೆಯಬೇಕು, ಮನೆಗೆಲಸ ಇರುತ್ತದೆ. ಮೊದಲ ಎರಡು ತಿಂಗಳು ಚುರುಕಾದ ಮಗುವೂ ತಡವರಿಸುವುದುಂಟು. ಅದಕ್ಕೆ ಬೈಯಬೇಡಿ, ಪಕ್ಕದ ಮನೆ ಮಗುವಿಗೆ ಹೋಲಿಸಬೇಡಿ.

ನಾನು ನಿಮ್ಮಿಂದ ಕೇಳುವುದು ದಿನಕ್ಕೆ ಹತ್ತು ನಿಮಿಷ. ಸಂಜೆ ಮಗುವಿನಿಂದ ಕನ್ನಡ ಪುಸ್ತಕದ ಒಂದು ಪುಟ ಓದಿಸಿ ಕೇಳಿ. ನಿಮಗೆ ಓದು ಬಾರದಿದ್ದರೂ ಇದು ಆಗುತ್ತದೆ. ಪದದ ಕೆಳಗೆ ಬೆರಳಿಟ್ಟು ಓದಲು ಹೇಳಿ. ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ ಹೋದರೆ ಮಗು ಓದುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದೆ. ಆಗ ಪುಟದ ನಡುವಿನ ಒಂದು ಸಾಲು ತೋರಿಸಿ ‘ಇಲ್ಲಿಂದ ಓದು’ ಅನ್ನಿ. ಅಲ್ಲಿ ನಿಂತುಬಿಟ್ಟರೆ ಆ ಪುಟಕ್ಕೆ ಗುರುತು ಹಾಕಿ ಕಳುಹಿಸಿ, ಮುಂದಿನದು ನನ್ನ ಕೆಲಸ. ಹೆಚ್ಚಿನವರು ಎಡವುವುದು ಒತ್ತಕ್ಷರದಲ್ಲಿ: ‘ಹತ್ತು’ ಹೋಗಿ ‘ಹತು’ ಆಗುತ್ತದೆ. ‘ಹಾಲು’ ಅನ್ನುವುದನ್ನು ‘ಆಲು’ ಎಂದು ಬರೆಯುವುದು ನಮ್ಮ ಕಡೆ ಮಾತಾಡುವ ರೀತಿಯಿಂದಲೇ ಬರುವ ತಪ್ಪು, ದಡ್ಡತನ ಅಲ್ಲ.

ಮನೆಯಲ್ಲಿ ತೆಲುಗು ಆಡುವವರು ತೆಲುಗು ಬಿಡಬೇಕಾಗಿಲ್ಲ. ‘ಇವತ್ತು ಏನು ಪಾಠ ಆಯ್ತು?’ ಎಂದು ತೆಲುಗಿನಲ್ಲೇ ಕೇಳಿ, ತೆಲುಗಿನಲ್ಲೇ ಹೇಳಲಿ. ಅರ್ಥ ತಿಳಿದ ಮಗುವಿಗೆ ಅದನ್ನು ಕನ್ನಡದಲ್ಲಿ ಹೇಳಲು ಕಲಿಸುವುದು ನನಗೆ ಸುಲಭ.

ಲೆಕ್ಕದಲ್ಲಿ ಕಷ್ಟ ಕೊಡುವುದು ಸಾಲ ತೆಗೆದು ಕಳೆಯುವುದು. 302ರಲ್ಲಿ 147 ಕಳೆ ಎಂದರೆ ಎಷ್ಟೋ ಮಕ್ಕಳು 245 ಬರೆಯುತ್ತಾರೆ. ಮೇಲೆ ಕೆಳಗೆ ನೋಡದೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿರುತ್ತಾರೆ. ಸರಿಯುತ್ತರ 155. ಮನೆಯಲ್ಲಿ ದುಡ್ಡಿಟ್ಟು ತೋರಿಸಿ: ನೂರರ ಮೂರು ನೋಟು, ಒಂದು ರೂಪಾಯಿಯ ಎರಡು ನಾಣ್ಯ. 147 ಕೊಡಬೇಕಾದರೆ ಒಂದು ನೂರನ್ನು ಹತ್ತರ ನೋಟುಗಳಾಗಿ, ಅದರಲ್ಲಿ ಒಂದು ಹತ್ತನ್ನು ಚಿಲ್ಲರೆಯಾಗಿ ಮುರಿಸಲೇಬೇಕು. ಕೈಯಲ್ಲಿ ಒಮ್ಮೆ ಮಾಡಿದ ಮಗು ಸೊನ್ನೆ ಕಂಡು ಹೆದರುವುದಿಲ್ಲ. ಮಗ್ಗಿ 10ರವರೆಗೆ ದಸರಾ ರಜೆಯೊಳಗೆ ಬರಬೇಕು. ಕ್ರಮವಾಗಿ ಒಪ್ಪಿಸಿದರೆ ಸಾಲದು, ‘ಏಳೆಂಟ್ಲ ಎಷ್ಟು?’ ಎಂದು ನಡುವಿನಿಂದ ಕೇಳಿ.

ಇನ್ನು ಹಾಜರಿ. ನಮ್ಮ ಊರಿನಲ್ಲಿ ರೇಷ್ಮೆ ಸಾಕುವ ಮನೆಗಳೇ ಹೆಚ್ಚು. ನಾಲ್ಕನೇ ಜ್ವರ ಎದ್ದ ಹುಳು ಏಳೆಂಟು ದಿನಕ್ಕೆ ಹಣ್ಣಾಗುತ್ತದೆ, ಆಗ ಚಂದ್ರಿಕೆಗೆ ಬಿಡಲು ಇರುವ ಕೈಗಳು ಸಾಲವು ಎಂಬುದು ನನಗೆ ಗೊತ್ತು. ಆದರೂ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಬೆಳೆಗೆ ಎರಡು ಮೂರು ದಿನವೆಂದರೂ ವರ್ಷಕ್ಕೆ ಐದಾರು ಬೆಳೆಗೆ ಅರ್ಧ ತಿಂಗಳು ಹೋಗುತ್ತದೆ. ಸಾಲ ತೆಗೆಯುವುದನ್ನು ಕಲಿಸಿದ ದಿನ ಬಾರದ ಮಗುವಿಗೆ ಮುಂದಿನ ವಾರವಿಡೀ ಲೆಕ್ಕ ಅರ್ಥವಾಗುವುದಿಲ್ಲ. ಜ್ವರ, ಹೊಟ್ಟೆನೋವು ಇದ್ದರೆ ಮಾತ್ರ ಕಳುಹಿಸಬೇಡಿ, ಅಣ್ಣ ಅಕ್ಕನ ಕೈಲಿ ಹೇಳಿ ಕಳುಹಿಸಿ.

ಪಠ್ಯಪುಸ್ತಕ, ಸಮವಸ್ತ್ರ, ಶೂ ಶಾಲೆಯಿಂದಲೇ ಉಚಿತವಾಗಿ ಬರುತ್ತವೆ. ನೀವು ಕೊಳ್ಳಬೇಕಾದದ್ದು 100 ಪುಟದ ಗೆರೆ ಪುಸ್ತಕ ಎರಡು, ಲೆಕ್ಕಕ್ಕೆ ಚೌಕದ್ದು ಒಂದು, ಇಂಗ್ಲಿಷಿಗೆ ನಾಲ್ಕು ಗೆರೆಯದು ಒಂದು, ಎರಡು ಪೆನ್ಸಿಲ್, ರಬ್ಬರ್, ಸ್ಕೇಲ್. ಪೆನ್ನು ಈ ವರ್ಷ ಬೇಡ.

ಕುಡಿಯುವ ನೀರನ್ನು ಬಾಟಲಿಯಲ್ಲಿ ಶುದ್ಧ ನೀರಿನ ಘಟಕದಿಂದಲೇ ತುಂಬಿ ಕಳುಹಿಸಿ. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಅದರ ಕಲೆ ಕೂತರೆ ತೊಳೆದರೆ ಹೋಗುವುದಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ.

ವಾರಕ್ಕೊಮ್ಮೆ ಮಧ್ಯಾಹ್ನದ ಊಟವಾದ ಮೇಲೆ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ. ಮರುದಿನ ಮಲ ಕಪ್ಪಗಿದ್ದರೆ ಗಾಬರಿ ಬೇಡ. ಮಗುವಿಗೆ ಬೇರೆ ಔಷಧಿ ನಡೆಯುತ್ತಿದ್ದರೆ ಮೊದಲೇ ತಿಳಿಸಿ.

ಜೂನ್ ಮೂರನೇ ಶನಿವಾರ ಬೆಳಿಗ್ಗೆ 11.30ಕ್ಕೆ ಪೋಷಕರ ಸಭೆ ಇದೆ. ತಾಯಿ ಅಥವಾ ತಂದೆ, ಇಲ್ಲವೇ ಅಜ್ಜಿ ತಾತ ಯಾರಾದರೊಬ್ಬರು ಬನ್ನಿ. ಮಗುವಿನ ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ–ಆದಾಯ ಪ್ರಮಾಣಪತ್ರಗಳ ಜೆರಾಕ್ಸ್ ತನ್ನಿ. ಆಧಾರ್‌ನಲ್ಲಿರುವ ಹೆಸರು ಶಾಲೆಯ ದಾಖಲೆಯ ಹೆಸರಿಗೆ ಒಂದಕ್ಷರ ಬೇರೆಯಾದರೂ ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಬೀಳುತ್ತದೆ, ಅಂದೇ ಕೂತು ಹೋಲಿಸಿ ನೋಡೋಣ. ಉಳಿದ ದಿನಗಳಲ್ಲಿ ಮಾತಾಡುವುದಿದ್ದರೆ ಸಂಜೆ 4.20ರ ನಂತರ ಅರ್ಧ ಗಂಟೆ ತರಗತಿಯಲ್ಲೇ ಇರುತ್ತೇನೆ.

ಇಂತಿ,
ತರಗತಿ ಶಿಕ್ಷಕಿ, 4ನೇ ತರಗತಿ