ಕಂಠದಾನ ಒಪ್ಪಂದ ಪತ್ರ

ಬೆಂಗಳೂರು, 10 ಮಾರ್ಚ್ 2025

ಬಸವನಗುಡಿಯಲ್ಲಿ ವಾಸವಿರುವ ಫ್ರೀಲಾನ್ಸ್ ಅನಿಮೇಟರ್ ಸುಮಂತ್ ಕೆ. (ಮುಂದೆ 'ಅನಿಮೇಟರ್') ಹಾಗೂ ರಾಜಾಜಿನಗರದಲ್ಲಿ ವಾಸವಿರುವ ಕಂಠದಾನ ಕಲಾವಿದೆ ರಶ್ಮಿ ಎಸ್. (ಮುಂದೆ 'ಕಲಾವಿದೆ') ಒಪ್ಪಿ ಬರೆದುಕೊಂಡ ಪತ್ರ. ಹೆಸರಲ್ಲಿ 'ದಾನ' ಇದ್ದರೂ ಇದು ಸಂಭಾವನೆಯ ಕೆಲಸ.

ಕೆಲಸ
6 ನಿಮಿಷದ 'ಕಾಗಕ್ಕನ ಕೊಡೆ' ಕಿರುಚಿತ್ರದಲ್ಲಿ ಕಾಗಕ್ಕ, ಅಜ್ಜಿ ಎರಡೂ ಪಾತ್ರಗಳಿಗೆ ಕಲಾವಿದೆ ದನಿ ಕೊಡುತ್ತಾರೆ. ಒಟ್ಟು 42 ಮಾತು. ರೆಕಾರ್ಡಿಂಗ್ ಮಾರ್ಚ್ 22ರಂದು, 3 ಗಂಟೆ ಮೀರದಂತೆ. ಸ್ಟುಡಿಯೋ ಬಾಡಿಗೆ, ಆಟೋ ಖರ್ಚು ಅನಿಮೇಟರ್‌ದು. ಕಾಗಕ್ಕ ಕಿರುಚುವ 7 ಮಾತುಗಳನ್ನು ಕಡೆಯಲ್ಲೇ ತೆಗೆದುಕೊಳ್ಳತಕ್ಕದ್ದು. ಮೊದಲೇ ಗಂಟಲು ಕಟ್ಟಿದರೆ ಅಜ್ಜಿಯ ದನಿ ಹೋದಂತೆಯೇ.

ಸಂಭಾವನೆ
ಒಟ್ಟು ₹12,000. ಸಹಿಯಾದ ದಿನವೇ ₹4,000. ಉಳಿದ ₹8,000 ರೆಕಾರ್ಡಿಂಗ್ ಆದ 7 ದಿನದೊಳಗೆ, ಯುಪಿಐ ಮೂಲಕ. ಚಿತ್ರ ಬಿಡುಗಡೆಯಾಗಲಿ ಬಿಡಲಿ, ಈ ಗಡುವು ಬದಲಾಗದು.

ಉಚ್ಚಾರ ತಪ್ಪಿದ್ದರೆ, ಭಾವ ಕೂಡದಿದ್ದರೆ ಒಂದು ರೀಟೇಕ್ ಉಚಿತ. ತುಟಿಯ ಚಲನೆಯನ್ನು ಕಲಾವಿದೆಯ ರೆಕಾರ್ಡಿಂಗ್ ಕೇಳಿಕೊಂಡೇ ಬಿಡಿಸಬೇಕಾದ್ದರಿಂದ ಸ್ಕ್ರಿಪ್ಟ್ ಅಂತಿಮವಾಗದೆ ಮೈಕ್ ಮುಂದೆ ಕೂರುವಂತಿಲ್ಲ. ಆಮೇಲೆ ಅನಿಮೇಟರ್ ಮಾತು ತಿದ್ದಿದರೆ ಪ್ರತಿ ಸಲಕ್ಕೆ ₹1,500. ಅನಿಮೇಟರ್ ಕೆಲಸ ಕೈಬಿಟ್ಟರೆ ಮುಂಗಡ ವಾಪಸ್ ಕೇಳುವಂತಿಲ್ಲ. ಕಲಾವಿದೆ ಕೈಬಿಟ್ಟರೆ 3 ದಿನದಲ್ಲಿ ಮುಂಗಡ ಹಿಂತಿರುಗಿಸಬೇಕು.

ಬಳಕೆ
ಈ ದನಿಯನ್ನು ಈ ಚಿತ್ರದಲ್ಲಿ, ಅದರ ಟ್ರೇಲರ್‌ನಲ್ಲಿ, ಅನಿಮೇಟರ್‌ನ ಶೋರೀಲ್‌ನಲ್ಲಿ ಬಳಸಬಹುದು. ಚಿತ್ರವನ್ನು ಯೂಟ್ಯೂಬ್‌ನಲ್ಲಿ, ಚಿತ್ರೋತ್ಸವಗಳಲ್ಲಿ, ಶಾಲೆಗಳಲ್ಲಿ ತೋರಿಸಬಹುದು. ಅವಧಿ 10 ವರ್ಷ, ಪ್ರದೇಶ ಇಡೀ ಜಗತ್ತು. ಇವೆರಡನ್ನೂ ಬರೆಯದೆ ಬಿಟ್ಟರೆ 1957ರ ಕೃತಿಸ್ವಾಮ್ಯ ಕಾಯ್ದೆ ಕಲಂ 19ರ ಪ್ರಕಾರ 5 ವರ್ಷ, ಭಾರತ ಮಾತ್ರ ಎಂದಾಗುತ್ತದೆ. ಅದಕ್ಕೇ ಇಲ್ಲಿ ಬಿಡಿಸಿ ಬರೆದಿದ್ದೇವೆ.

ಜಾಹೀರಾತು, ಟಿವಿ, ಓಟಿಟಿ, ಆಟಿಕೆ, ಮೊಬೈಲ್ ಗೇಮ್ ಇದರಲ್ಲಿ ಸೇರಿಲ್ಲ. ಬೇಕಾದರೆ ಬೇರೆ ಪತ್ರ, ಬೇರೆ ಹಣ. ಪದಗಳನ್ನು ಕತ್ತರಿಸಿ ಜೋಡಿಸಿ, ಕಲಾವಿದೆ ಆಡದ ಮಾತನ್ನು ಆಡಿದಂತೆ ಮಾಡಕೂಡದು. ಬಳಸದ ಟೇಕ್‌ಗಳನ್ನು ಯಾರಿಗೂ ಕೊಡಕೂಡದು. ಕಲಾವಿದೆ ತಮ್ಮ ಡೆಮೊಗೆ 30 ಸೆಕೆಂಡ್ ಬಳಸಿಕೊಳ್ಳಬಹುದು, ಆದರೆ ಚಿತ್ರ ಹೊರಬಂದ ಮೇಲೆ.

ಹೆಸರು
ಕೊನೆಯ ಪಟ್ಟಿಯಲ್ಲಿ 'ಕಾಗಕ್ಕ ಮತ್ತು ಅಜ್ಜಿಯ ದನಿ: ರಶ್ಮಿ ಎಸ್.' ಎಂದು ಕನ್ನಡ ಲಿಪಿಯಲ್ಲಿ, ಕನಿಷ್ಠ 3 ಸೆಕೆಂಡ್, ಅನಿಮೇಟರ್ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ. ಯೂಟ್ಯೂಬ್ ವಿವರಣೆಯ ಮೊದಲ ಎರಡು ಸಾಲಿನಲ್ಲೂ ಹೆಸರಿರಬೇಕು. 'ಇನ್ನಷ್ಟು' ಒತ್ತಿದ ಮೇಲೆ ಕಾಣುವುದು ಲೆಕ್ಕಕ್ಕಿಲ್ಲ. ಹೆಸರು ಬಿಟ್ಟುಹೋಗಿದ್ದರೆ, ತಿಳಿಸಿದ 48 ಗಂಟೆಯೊಳಗೆ ವಿವರಣೆಯಲ್ಲಿ ಸೇರಿಸಿ, 15 ದಿನದೊಳಗೆ ಚಿತ್ರವನ್ನೇ ತಿದ್ದಿ ಮತ್ತೆ ಹಾಕಬೇಕು. ಅದೇ ಕೃತಿಸ್ವಾಮ್ಯ ಕಾಯ್ದೆಯ ಕಲಂ 38ಬಿ ಕೊಡುವ ಕಲಾವಿದರ ನೈತಿಕ ಹಕ್ಕು ಇದರಿಂದ ಕುಂದದು.

ತಕರಾರು ಬಂದರೆ ಮೊದಲು ಎದುರುಬದುರು ಕೂತು ಮಾತು. ಆಗದಿದ್ದರೆ ಬೆಂಗಳೂರಿನ ನ್ಯಾಯಾಲಯ. ಬದಲಾವಣೆ ಏನಿದ್ದರೂ ಇಬ್ಬರೂ ಬರಹದಲ್ಲಿ ಒಪ್ಪಬೇಕು. ವಾಯ್ಸ್ ನೋಟ್ ಸಾಲದು.

ಎರಡು ಪ್ರತಿ, ಒಬ್ಬೊಬ್ಬರಿಗೆ ಒಂದು.

ಸಹಿ: ಸುಮಂತ್ ಕೆ., ಅನಿಮೇಟರ್
ಸಹಿ: ರಶ್ಮಿ ಎಸ್., ಕಲಾವಿದೆ